ಊರಲ್ಲಿರುವ ಅಪ್ಪ ಅಮ್ಮನಿಗೆ ಪವರ್ ಆಫ್ ಅಟಾರ್ನಿ ಒಂದೇ ಸಾಕಾ?

"ಅಕ್ಕಾ, ನಾನು ಲಂಡನ್ನಿಗೆ ಬಂದು ಇನ್ನೂ ವರ್ಷ ಆಗಿಲ್ಲ. ಅಪ್ಪ ಅಮ್ಮ ಉಡುಪಿಯಲ್ಲಿ ಇಬ್ಬರೇ ಇದ್ದಾರೆ. ಅಪ್ಪನಿಗೆ 76, ಅಮ್ಮನಿಗೆ 70. ತಂಗಿ ಮಂಗಳೂರಲ್ಲಿ. ಇಲ್ಲಿ ಆಫೀಸಿನವರು ಪವರ್ ಆಫ್ ಅಟಾರ್ನಿ ಮಾಡಿಸಿಡು, ತಲೆಬಿಸಿ ಮುಗಿಯಿತು ಅಂತಾರೆ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅದೊಂದು ಮಾಡಿಸಿದರೆ ಸಾಕಾ? ವಿಲ್ ಮಾತೆತ್ತಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ."

ಸಾಕಾಗುವುದಿಲ್ಲ ಮಾರಾಯ. ಪವರ್ ಆಫ್ ಅಟಾರ್ನಿ ಅಂದರೆ ನಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಕಾಗದ. ನಿನ್ನ ಆಫೀಸಿನವರು ಹೇಳುವುದು ಇಲ್ಲಿಯ ಮಟ್ಟಿಗೆ ಸರಿ. ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆ ಪ್ರಕಾರ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಅಂತ ಒಂದಿದೆ. ಬರೆದುಕೊಟ್ಟವರಿಗೆ ಮುಂದೆ ಮರೆವಿನ ಕಾಯಿಲೆ ಬಂದರೂ ಅದು ನಡೆಯುತ್ತದೆ, ಅದನ್ನು ಮಾಡಿರುವುದೇ ಅದಕ್ಕೆ. ಊರಲ್ಲಿ ನಾವು ಮಾಡಿಸುವ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಹಾಗಲ್ಲ. ಭಾರತದ ಕಾಂಟ್ರಾಕ್ಟ್ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗಿಯಿತು. ಸ್ಟ್ಯಾಂಪ್ ಪೇಪರ್ ಎಷ್ಟರದ್ದೇ ಇರಲಿ, ರಿಜಿಸ್ಟರ್ ಆಗಿದ್ದರೂ ಅಷ್ಟೇ. ಅಪ್ಪ ಗಟ್ಟಿ ಇರುವಾಗ ನಿನಗೆ ಅದರ ಅಗತ್ಯ ಕಡಿಮೆ. ಅಗತ್ಯ ಬೀಳುವ ಹೊತ್ತಿಗೆ ಅದು ಇರುವುದಿಲ್ಲ.

ನಮ್ಮ ಗುರ್ತದ ಒಂದು ಮನೆಯ ಕಥೆ ಹೇಳುತ್ತೇನೆ, ಕಡಿಯಾಳಿ ಹತ್ತಿರದವರು. ರಿಟೈರ್ ಆದ ಅಪ್ಪ, ಅಮ್ಮ ಊರಲ್ಲಿ, ಮಗ ಇಲ್ಲಿ ಇಂಗ್ಲೆಂಡಿನಲ್ಲಿ, ಮಗಳು ಮಂಗಳೂರಲ್ಲಿ. ನಿನ್ನ ಮನೆಯ ಹಾಗೆಯೇ. ಮಗನ ಹೆಸರಿಗೆ ಜಿಪಿಎ ರಿಜಿಸ್ಟರ್ ಮಾಡಿಸಿದ್ದರು, ಎಫ್‌ಡಿಗಳೆಲ್ಲ ಅಪ್ಪನ ಒಬ್ಬರದೇ ಹೆಸರಲ್ಲಿ, ನಾಮಿನಿ ಮಗ. ಅಪ್ಪನಿಗೆ ಸ್ಟ್ರೋಕ್ ಆಯಿತು. ಉಸಿರಿತ್ತು, ಮಾತಿರಲಿಲ್ಲ, ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ. ಆಸ್ಪತ್ರೆ ಬಿಲ್ಲಿಗೆ ಎಫ್‌ಡಿ ಮುರಿಯೋಣ ಅಂತ ಮಗ ಜಿಪಿಎ ಹಿಡಿದುಕೊಂಡು ಬ್ಯಾಂಕಿಗೆ ಹೋದ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಅವರಿಗೆ ಈಗ ಪ್ರಜ್ಞೆ ಸರಿಯಿದೆಯಾ? ಇಲ್ಲ ಅಂದ ಮೇಲೆ ಅವರು ಕೊಡುವ ಹಾಗಿಲ್ಲ. ನಾಮಿನಿ ಇದ್ದಾನಲ್ಲ ಅಂದರೆ, ನಾಮಿನಿಯ ಕೆಲಸ ಶುರುವಾಗುವುದು ಖಾತೆದಾರ ಸತ್ತ ಮೇಲೆ.

ಕೈ ಅಲುಗಾಡದ ಖಾತೆದಾರರಿಗೆ ರಿಸರ್ವ್ ಬ್ಯಾಂಕಿನ ಒಂದು ವ್ಯವಸ್ಥೆ ಇದೆ. ಹೆಬ್ಬೆಟ್ಟು, ಅದೂ ಆಗದಿದ್ದರೆ ಬೇರೇನಾದರೂ ಗುರುತು ಹಾಕಿಸಿ ಇಬ್ಬರು ಸಾಕ್ಷಿಗಳ ಮುಂದೆ ಹಣ ಕೊಡಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಬ್ಯಾಂಕಿನವರು ಪಾಪ ಮನೆಗೂ ಬಂದರು. ಆದರೆ ಅದು ಕೈ ಸೋತವರಿಗೆ ಇರುವ ದಾರಿ, ಬುದ್ಧಿ ಸೋತವರಿಗಲ್ಲ. "ಹಣ ತೆಗೆಯಬೇಕಾ?" ಅಂತ ಕೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ. ಅಧಿಕಾರಿ ವಾಪಸ್ ಹೋದರು. ಕೊನೆಗೆ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಹಾಕಿ, ಡಾಕ್ಟರರ ವರದಿ, ಮನೆಯವರೆಲ್ಲರ ಒಪ್ಪಿಗೆ ಕೊಟ್ಟು ಅಮ್ಮನನ್ನು ಗಾರ್ಡಿಯನ್ ಮಾಡಿಸಬೇಕಾಯಿತು. ಆ ತಿಂಗಳುಗಳ ಖರ್ಚೆಲ್ಲ ಮಕ್ಕಳ ಕೈಯಿಂದ. ಅಪ್ಪನ ದುಡ್ಡು ಅಪ್ಪನಿಗೇ ಸಿಗಲಿಲ್ಲ!

ಹಾಗಾಗಿ ಡಿಸೆಂಬರಿನಲ್ಲಿ ಮೊದಲು ಹೋಗಬೇಕಾದದ್ದು ವಕೀಲರ ಹತ್ತಿರ ಅಲ್ಲ, ಬ್ಯಾಂಕಿಗೆ. ಅಪ್ಪನ ಉಳಿತಾಯ ಖಾತೆಗೆ ಅಮ್ಮನನ್ನು ಸೇರಿಸಿ, 'ಐದರ್ ಆರ್ ಸರ್ವೈವರ್' ಅಂತ ಬರೆಸಿ, ಆಗ ಇಬ್ಬರಲ್ಲಿ ಯಾರೊಬ್ಬರ ಸಹಿ ಇದ್ದರೂ ಸಾಕು. 'ಜಾಯಿಂಟ್ಲಿ' ಅಂತ ಇದ್ದರೆ ಇಬ್ಬರ ಸಹಿಯೂ ಬೇಕು, ಮತ್ತೆ ಅದೇ ಗೋಳು. ಎಫ್‌ಡಿಗೂ ಹಾಗೆಯೇ ಮಾಡಿಸಬೇಕು. ಆದರೆ ಅಲ್ಲೊಂದು ಹುಳುಕಿದೆ: ಅವಧಿಗೆ ಮೊದಲೇ ಮುರಿಯುವುದಾದರೆ ಸಾಮಾನ್ಯವಾಗಿ ಇಬ್ಬರ ಸಹಿ ಕೇಳುತ್ತಾರೆ. ಅದಕ್ಕೇ ದೊಡ್ಡ ಎಫ್‌ಡಿ ಒಂದೇ ಇದ್ದರೆ ಅದು ಮುಗಿದಾಗ ಸಣ್ಣ ಸಣ್ಣದಾಗಿ ಮಾಡಿಸಿ. ಒಂದು ವರ್ಷದ ಮನೆಖರ್ಚು ಮತ್ತು ಒಮ್ಮೆ ಆಸ್ಪತ್ರೆ ಸೇರಿದರೆ ಬರುವ ಬಿಲ್ಲಿಗೆ ಸಾಲುವಷ್ಟು ಹಣ ಅಮ್ಮನ ಸ್ವಂತ ಹೆಸರಲ್ಲಿ ಇರಲಿ. ಜಂಟಿ ಖಾತೆಯಲ್ಲೂ ಒಬ್ಬರ ಬುದ್ಧಿ ಹೋದರೆ ಆ ಒಪ್ಪಿಗೆ ಉಳಿಯುತ್ತದಾ ಅಂತ ಯಾರಾದರೂ ತಕರಾರು ತೆಗೆಯಬಹುದು. ಅಮ್ಮನದೇ ಖಾತೆಗೆ ಆ ಪ್ರಶ್ನೆಯೇ ಬರುವುದಿಲ್ಲ.

ನೀನೂ ಸೇರಬಹುದಾ ಅಂತ ಕೇಳುತ್ತೀಯ. ಎನ್ಆರ್‌ಐ ಆದ ಹತ್ತಿರದ ಸಂಬಂಧಿಯನ್ನು ಊರಿನ ಖಾತೆಗೆ ಸೇರಿಸಲು ಅವಕಾಶ ಇದೆ, ಆದರೆ ಹಣ ಅಪ್ಪನದೇ, ನೀನು ಅಪ್ಪನ ಪರವಾಗಿ ಅಲ್ಲಿಯ ಖರ್ಚಿಗೆ ಮಾತ್ರ ಅದನ್ನು ಬಳಸಬಹುದು. ನನ್ನ ಮಟ್ಟಿಗೆ ತಂಗಿಯನ್ನು ಸೇರಿಸುವುದು ಸುಲಭ. ಮಂಗಳೂರಿನಿಂದ ಬಸ್ಸು ಹತ್ತಿದರೆ ಅವಳು ಬ್ಯಾಂಕಿನ ಮುಂದೆ ಇಳಿಯುತ್ತಾಳೆ, ನೀನು ಹೀಥ್ರೂನಲ್ಲಿ ವಿಮಾನಕ್ಕೆ ಕಾಯುತ್ತಿರುತ್ತೀಯ.

ಹಾಗಂತ ಜಿಪಿಎ ಬೇಡವೇ ಬೇಡ ಅಂತಲ್ಲ. ಅಪ್ಪ ಗಟ್ಟಿ ಇದ್ದು ಓಡಾಡಲು ಮಾತ್ರ ಕಷ್ಟವಾದರೆ ಮನೆ ತೆರಿಗೆ, ಮೆಸ್ಕಾಂ, ಬಾಡಿಗೆ ಇಂಥದ್ದಕ್ಕೆ ಒಳ್ಳೆಯದು. ಅದನ್ನೂ ತಂಗಿಯ ಹೆಸರಿಗೆ, ಯಾವ ಯಾವ ಕೆಲಸಕ್ಕೆ ಅಂತ ಬರೆದು ಕೊಡಿಸಿ. ಆಸ್ತಿ ಮಾರುವ ಅಧಿಕಾರ ಸುಮ್ನೆ ಸೇರಿಸಬೇಡಿ. ಅಪ್ಪನಿಗೆ ಮರೆವು ಬಂದದ್ದು ಗೊತ್ತಿದ್ದೂ ಯಾರಾದರೂ ಆ ಕಾಗದದ ಮೇಲೆ ಜಾಗ ಮಾರಿದರೆ ಮುಂದೆ ಕೋರ್ಟಿನಲ್ಲಿ ಸಿಕ್ಕಿಬೀಳುವುದು ನೀವೇ.

ಇನ್ನು ಆಸ್ಪತ್ರೆ. ಇಲ್ಲಿ ಆರೋಗ್ಯಕ್ಕೇ ಬೇರೆ ಲಾಸ್ಟಿಂಗ್ ಪವರ್ ಇದೆ. ನಮ್ಮಲ್ಲಿ ಜಿಪಿಎ ತೋರಿಸಿ ವೆಂಟಿಲೇಟರ್ ಹಾಕಿ, ತೆಗೆಯಿರಿ ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ಇರುವುದು ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್, ಅಂದರೆ ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದ. ಸುಪ್ರೀಂ ಕೋರ್ಟು 2018ರಲ್ಲಿ ಕಾಮನ್ ಕಾಸ್ ಕೇಸಿನಲ್ಲಿ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಾಗಾಗಿ ಹೆಚ್ಚಿನವರು ಮಾಡಿಸುತ್ತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿದೆ.

ಅದರಲ್ಲಿ ಏನು ಬರೆಯುವುದು? 'ಕಷ್ಟ ಕೊಡಬೇಡಿ' ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಗುಣವಾಗುವ ಆಸೆ ಇಲ್ಲದ ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕಾ, ಡಯಾಲಿಸಿಸ್ ಬೇಕಾ, ಮೂಗಿನ ನಳಿಗೆಯಲ್ಲಿ ಊಟ ಬೇಕಾ, ಹೃದಯ ನಿಂತರೆ ಎದೆ ಒತ್ತಬೇಕಾ, ಒಂದೊಂದಕ್ಕೂ ಅಪ್ಪನ ಉತ್ತರ ಬರೆಯಬೇಕು. ನೋವಿನ ಔಷಧಿ, ಆರೈಕೆ ಬೇಕೇ ಬೇಕು ಅಂತಲೂ ಬರೆಯಿರಿ. ಇಲ್ಲದಿದ್ದರೆ ನೆಂಟರಲ್ಲಿ ಒಬ್ಬರು "ಸಾಯಲು ಬರೆದುಕೊಟ್ಟಿದ್ದಾರೆ" ಅಂತ ಗುಲ್ಲೆಬ್ಬಿಸುತ್ತಾರೆ. ಅಪ್ಪನ ಪರವಾಗಿ ಮಾತಾಡುವವರ ಹೆಸರೂ ಅದರಲ್ಲಿ ಬೇಕು, ಒಂದಕ್ಕಿಂತ ಜಾಸ್ತಿ ಹೆಸರು ಇರಲಿ. ಅಮ್ಮ ಮತ್ತು ತಂಗಿ ಮೊದಲು, ನೀನು ಆಮೇಲೆ. ಬೇಜಾರು ಮಾಡಿಕೊಳ್ಳಬೇಡ, ಐಸಿಯು ಬಾಗಿಲಲ್ಲಿ ನಿಂತವರನ್ನೇ ಡಾಕ್ಟರರು ಕೇಳುವುದು.

ಈ ಕಾಗದ ಕೊಟ್ಟ ಕೂಡಲೇ ಮೆಷಿನ್ ತೆಗೆಯುತ್ತಾರೆ ಅಂದುಕೊಳ್ಳಬೇಡ. ಚಿಕಿತ್ಸೆ ಕೊಡುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಬೋರ್ಡ್ ನೋಡಬೇಕು. ಅವರು ಒಪ್ಪಿದ ಮೇಲೆ ಬೇರೆ ವೈದ್ಯರ ಎರಡನೇ ಬೋರ್ಡ್ ನೋಡಬೇಕು, ಅದರಲ್ಲಿ ಒಬ್ಬರು ಆಸ್ಪತ್ರೆಯ ಹೊರಗಿನಿಂದ ನೇಮಕವಾದವರು. ಒಂದೊಂದು ಬೋರ್ಡೂ ಆದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಕಾಗದ ಇಲ್ಲದಿದ್ದರೂ ಮನೆಯವರ ಒಪ್ಪಿಗೆ ಪಡೆದು ಇದೇ ಬೋರ್ಡುಗಳು ನಿರ್ಧರಿಸಬಹುದು. ಹಾಗಾದರೆ ಕಾಗದ ಏಕೆ ಅಂದರೆ, ತಂಗಿ ಒಂದು ಹೇಳಿ ದೊಡ್ಡಪ್ಪ ಇನ್ನೊಂದು ಹೇಳುವಾಗ ಅಪ್ಪನ ಸ್ವಂತ ಮಾತು ಅಲ್ಲಿರುತ್ತದೆ. ಒಂದು ಪ್ರತಿ ಮನೆಯ ಡಾಕ್ಟರರಿಗೆ, ಒಂದು ನಗರಸಭೆ ಅಥವಾ ಪಂಚಾಯತಿಗೆ, ಒಂದು ತಂಗಿಗೆ. ಮನಸ್ಸು ಬದಲಾದರೆ ಅಪ್ಪ ಯಾವಾಗ ಬೇಕಾದರೂ ಬರೆದು ವಾಪಸ್ ಪಡೆಯಬಹುದು.

ವಿಲ್ ಇವೆಲ್ಲಕ್ಕಿಂತ ಸುಲಭ. ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಬೇಡ. ಅಪ್ಪ ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ಅವರೂ ಅಪ್ಪನ ಎದುರೇ ಸಹಿ ಹಾಕಬೇಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ, ನಡೆಯಲಾಗದವರಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರಲೂ ಅವಕಾಶ ಇದೆ. ರಿಜಿಸ್ಟರ್ ಆದರೂ ಜಗಳ ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು, ಹಾಗಾಗಿ ಅಪ್ಪನ ವಯಸ್ಸಿನ ಗೆಳೆಯರು ಬೇಡ, ಅಪ್ಪನಿಗಿಂತ ಚಿಕ್ಕವರು, ಊರಲ್ಲೇ ಇರುವವರು ಸಾಕ್ಷಿಗಳಾಗಲಿ. ಆಸ್ತಿ ಪಡೆಯುವವರು ಸಾಕ್ಷಿ ಆಗಬಾರದು. ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್, ಬುದ್ಧಿ ಸ್ವಾಧೀನದಲ್ಲಿದೆ ಅಂತ, ಜೊತೆಗೆ ಇರಲಿ. ಅಪ್ಪ ಅಮ್ಮ ಬೇರೆ ಬೇರೆ ವಿಲ್ ಮಾಡಲಿ. ನಿಮ್ಮದು ಹೆಣ್ಣಿನ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬವಾದರೆ ಜಾಗ ಸ್ವಂತದ್ದಾ, ಕುಟುಂಬದ್ದಾ ಅಂತ ಹಳೆಯ ಪಾಲುಪತ್ರ ತೆಗೆದು ನೋಡಿ. ಕುಟುಂಬದ್ದಾದರೆ ಅಪ್ಪ ಬರೆಯಬಹುದಾದದ್ದು ತನ್ನ ಪಾಲು ಮಾತ್ರ.

ಅಪ್ಪನ ಸಿಟ್ಟಿಗೆ ನನ್ನ ಸಲಹೆ: ವಿಲ್ ಅನ್ನು ಕೊನೆಗೆ ಇಡು. ಊಟ ಆದ ಮೇಲೆ, "ಅಪ್ಪಾ, ನೀವು ಆಸ್ಪತ್ರೆಯಲ್ಲಿದ್ದರೆ ಅಮ್ಮ ಯಾವ ಖಾತೆಯಿಂದ ದುಡ್ಡು ತೆಗೆಯಬೇಕು?" ಅಂತ ಕೇಳು, ನಿನ್ನ ಪಾಲಿನ ಮಾತು ಬೇಡ. ನಮ್ಮ ಕಡೆಯ ಗಂಡಸರು ಸಾವಿನ ಮಾತಿಗೆ ಎದ್ದು ಹೋಗುತ್ತಾರೆ, ಆದರೆ ಹೆಂಡತಿ ಯಾರದೋ ಮುಂದೆ ಕೈ ಚಾಚಬೇಕಾಗುತ್ತದೆ ಅಂದರೆ ಕೂತು ಕೇಳುತ್ತಾರೆ. ರಿಜಿಸ್ಟ್ರಿಗೆ ಕಾವೇರಿ ಪೋರ್ಟಲ್‌ನಲ್ಲಿ ಈಗಲೇ ಅರ್ಜಿ ಹಾಕಿಸಿ ದಿನ ಗೊತ್ತು ಮಾಡಲು ತಂಗಿಗೆ ಹೇಳು. ಕ್ರಿಸ್ಮಸ್ ರಜೆ, ನಿನ್ನ ಎರಡು ವಾರ, ನಡುವೆ ನೆಂಟರ ಮದುವೆ, ಎಲ್ಲ ಸೇರಿದರೆ ಬ್ಯಾಂಕಿಗೂ ಕಚೇರಿಗೂ ಹೋಗಲು ನಿನಗೆ ಸಿಗುವುದು ನಾಲ್ಕೈದು ದಿನ ಅಷ್ಟೇ.