ಒಬ್ಬರು ಇನ್ನೊಬ್ಬರನ್ನು ತೋರಿಸಿದರು ಅಂತ ವರದಿಯಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯೂ. ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಸುತ್ತಮುತ್ತ ಮನೆಕೆಲಸ ಮಾಡುವ 24 ಮಹಿಳೆಯರ ಜೊತೆ ಮಾತಾಡಿದ್ದೇನೆ. ರಜೆ ಬೇಕು, ಸಂಬಳ ಜಾಸ್ತಿ ಮಾಡಿ ಅಂತ ಅವರು ಮನೆಯವರನ್ನು ಹೇಗೆ ಕೇಳುತ್ತಾರೆ ಅನ್ನುವುದು ನನ್ನ ವಿಷಯ. ಸಿನಾಪ್ಸಿಸ್‌ನಲ್ಲಿ ಪರ್ಪಸಿವ್ ಸ್ಯಾಂಪ್ಲಿಂಗ್ ಅಂತ ಬರೆದಿದ್ದೆ. ಫೀಲ್ಡಿಗೆ ಹೋದ ಮೇಲೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾ ಹೋದರು. ಶುರುವಿನ ಮೂವರಲ್ಲಿ ಒಬ್ಬರು ಮನೆಕೆಲಸದವರ ಸಂಘದ ಸದಸ್ಯೆ, ಅವರ ಕಡೆಯಿಂದ 15 ಜನ ಆದರು. ನಮ್ಮ ಚಿಕ್ಕಮ್ಮನ ಮನೆಗೆ ಬರುವವರ ಕಡೆಯಿಂದ 7, ರೇಷನ್ ಅಂಗಡಿ ಹತ್ತಿರ ಪರಿಚಯವಾದವರ ಕಡೆಯಿಂದ ಬರೀ 2. ‘ಪರ್ಪಸಿವ್ ಮತ್ತು ಸ್ನೋಬಾಲ್ ಸ್ಯಾಂಪ್ಲಿಂಗ್ ಬಳಸಲಾಗಿದೆ, ಸ್ಯಾಚುರೇಶನ್ ತಲುಪಲಾಗಿದೆ’ ಅಂತ ಬರೆದರೆ ಸಾಕಾ? ವೈವಾದಲ್ಲಿ ‘ರ‍್ಯಾಂಡಮ್ ಯಾಕೆ ಮಾಡಲಿಲ್ಲ’ ಅಂತ ಕೇಳಿದರೆ ಏನು ಹೇಳಲಿ?

ಉತ್ತರ: ಸಾಕಾಗುವುದಿಲ್ಲ ತಂಗಿ. ಪರ್ಪಸಿವ್, ಸ್ನೋಬಾಲ್ ಅನ್ನುವುದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದಿದವರಿಗೆ ನಿಮ್ಮ 24 ಜನ ಯಾರು, ಎಲ್ಲಿಂದ ಬಂದರು ಅನ್ನುವುದು ಅದರಿಂದ ಗೊತ್ತಾಗುವುದೇ ಇಲ್ಲ.

ಎರಡು ಹೆಸರನ್ನೂ ಒಟ್ಟಿಗೆ ಕಟ್ಟಿಬಿಡುವುದರಿಂದಲೇ ಈ ತೊಂದರೆ ಶುರುವಾಗುತ್ತದೆ. ಯಾರ ಜೊತೆ ಮಾತಾಡಬೇಕು, ಯಾಕೆ ಅವರೇ ಬೇಕು ಅನ್ನುವ ತೀರ್ಮಾನ ಪರ್ಪಸಿವ್. ಅಂಥವರು ನಿಮಗೆ ಸಿಕ್ಕಿದ ದಾರಿ ಸ್ನೋಬಾಲ್. ಒಂದೇ ಅಧ್ಯಯನದಲ್ಲಿ ಎರಡೂ ಇರಬಹುದು, ನಿಮ್ಮದರಲ್ಲಿ ಇದ್ದೇ ಇವೆ. ಆದರೆ ತೀರ್ಮಾನಕ್ಕೆ ಕೊಡುವ ಕಾರಣ ಬೇರೆ, ದಾರಿಗೆ ಕೊಡುವ ವಿವರ ಬೇರೆ. ಎರಡನ್ನೂ ಬಿಡಿಸಿ ಬರೆಯಿರಿ.

ಮೊದಲು ತೀರ್ಮಾನದ ವಿಷಯ. ನೀವು ಯಾರನ್ನು ಸೇರಿಸಿದಿರಿ, ಯಾರನ್ನು ಬಿಟ್ಟಿರಿ ಅಂತ ಹೇಳಿ, ಪ್ರತಿಯೊಂದನ್ನೂ ನಿಮ್ಮ ಸಂಶೋಧನಾ ಪ್ರಶ್ನೆಗೆ ಜೋಡಿಸಿ. ಉದಾಹರಣೆಗೆ, ಒಂದು ವರ್ಷವಾದರೂ ಈ ಕೆಲಸದಲ್ಲಿ ಇರಬೇಕು ಅಂತ ಇಟ್ಟುಕೊಂಡಿದ್ದರೆ ಕಾರಣ ಸರಳ: ಹೋದ ತಿಂಗಳು ಸೇರಿದವರಿಗೆ ಸಂಬಳ ಹೆಚ್ಚಿಸಿ ಅಂತ ಕೇಳುವ ಸಂದರ್ಭವೇ ಬಂದಿರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಿಕ್ಕಿದವರನ್ನೆಲ್ಲ ಮಾತಾಡಿಸಿ, ಆಮೇಲೆ ಅವರಲ್ಲಿ ಸಮಾನವಾಗಿ ಏನಿದೆ ಅಂತ ಹುಡುಕಿ, ಅದನ್ನೇ ಮಾನದಂಡ ಅಂತ ಬರೆಯುವುದು ತುಂಬಾ ಕಡೆ ನಡೆಯುತ್ತದೆ. ಅನುಭವ ಇರುವ ಪರೀಕ್ಷಕರು ಇದನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ: ‘ಈ ಮಾನದಂಡಕ್ಕೆ ಹೊಂದಲಿಲ್ಲ ಅಂತ ಯಾರನ್ನಾದರೂ ವಾಪಸ್ ಕಳಿಸಿದ್ದೀರಾ?’ ಯಾರನ್ನೂ ಕಳಿಸಿಲ್ಲ ಅಂದರೆ ಆ ಮಾನದಂಡ ಕೆಲಸ ಮಾಡಿದೆಯೋ ಇಲ್ಲವೋ ಅನ್ನುವ ಅನುಮಾನ ಅವರಿಗೆ ಬರುತ್ತದೆ. ನಿಮ್ಮ ಫೀಲ್ಡ್ ಡೈರಿ ತೆಗೆದು ನೋಡಿ. ಮೊದಲೇ ತೀರ್ಮಾನಿಸಿದ್ದನ್ನು ಮೊದಲೇ ಅಂತಲೂ, ನಡುವೆ ಬದಲಾಗಿದ್ದನ್ನು ನಡುವೆ ಬದಲಾಯಿತು ಅಂತಲೂ ಬರೆಯಿರಿ. ಗುಣಾತ್ಮಕ ಸಂಶೋಧನೆಯಲ್ಲಿ ನಡುವೆ ಬದಲಾಗುವುದು ತಪ್ಪಲ್ಲ, ಅದನ್ನು ಮುಚ್ಚುವುದು ತಪ್ಪು. ಹಾಗೆಯೇ ಚಿಕ್ಕಮ್ಮನ ಮನೆಗೆ ಬರುವವರನ್ನು ಮಾತಾಡಿಸಿದ್ದು ಅನುಕೂಲಕ್ಕೆ. ಅದಕ್ಕೆ ಪರ್ಪಸಿವ್ ಅನ್ನುವ ದೊಡ್ಡ ಹೆಸರು ಬೇಡ, ‘ಪರಿಚಯದಿಂದ ಸಿಕ್ಕರು’ ಅಂತಲೇ ಹೇಳಿ.

ಇನ್ನು ದಾರಿ. ನಿಮ್ಮ ವರದಿಯ ಬಲ, ದೌರ್ಬಲ್ಯ ಎರಡೂ ಇರುವುದು ಇಲ್ಲೇ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೂರು ಮೂಲದವರನ್ನು ಮೇಲೆ ಬರೆಯಿರಿ. ಯಾರು ಯಾರನ್ನು ತೋರಿಸಿದರು ಅಂತ ಗೆರೆ ಎಳೆಯುತ್ತಾ ಹೋಗಿ. ಒಬ್ಬೊಬ್ಬ ಮೂಲದವರಿಂದ ಹೊರಟಿದ್ದು ಒಂದೊಂದು ಸರಪಳಿ. ಪ್ರತಿಯೊಬ್ಬರ ಪಕ್ಕ ಎರಡೇ ವಿಷಯ ಬರೆದರೆ ಸಾಕು: ಮೂಲದಿಂದ ಎಷ್ಟನೆಯ ಮೆಟ್ಟಿಲು, ತೋರಿಸಿದವರಿಗೆ ಅವರು ಏನಾಗಬೇಕು. ಅಕ್ಕಪಕ್ಕದ ಮನೆಯವರಾ, ನೆಂಟರಾ, ಒಂದೇ ಅಪಾರ್ಟ್‌ಮೆಂಟಿಗೆ ಬರುವವರಾ ಅಂತ.

ಈ ಚಿತ್ರ ಕಣ್ಣ ಮುಂದೆ ಬಂದರೆ ನಿಮ್ಮ ಫಲಿತಾಂಶಗಳನ್ನು ಪರೀಕ್ಷಿಸುವುದು ಸುಲಭ. ವಾರದ ರಜೆಯ ವಿಷಯವನ್ನೇ ಹಿಡಿಯೋಣ. 24 ಜನರಲ್ಲಿ 14 ಜನ ‘ನಾನೇ ಬಾಯಿಬಿಟ್ಟು ಕೇಳಿದೆ’ ಅಂದಿದ್ದಾರೆ ಅಂತ ಇಟ್ಟುಕೊಳ್ಳಿ. ಸುಮ್ನೆ ನೋಡಿದರೆ ‘ಹೆಚ್ಚಿನ ಮಹಿಳೆಯರು ರಜೆಯನ್ನು ಧೈರ್ಯವಾಗಿ ಕೇಳುತ್ತಾರೆ’ ಅಂತ ಬರೆಯಬೇಕು ಅನ್ನಿಸುತ್ತದೆ. ಈಗ ಸರಪಳಿ ಪ್ರಕಾರ ಬೇರೆ ಮಾಡಿ ನೋಡಿ. ಆ 14ರಲ್ಲಿ 12 ಜನ ಸಂಘದ ಸರಪಳಿಯವರೇ ಆಗಿದ್ದು, ಉಳಿದ ಎರಡು ಸರಪಳಿಯ 9 ಜನರಲ್ಲಿ ಇಬ್ಬರು ಮಾತ್ರ ಕೇಳಿದ್ದರೆ ಕಥೆಯೇ ಬೇರೆ. ಆಗ ನಿಮಗೆ ಕಾಣುತ್ತಿರುವುದು ಸಂಘದ ಒಡನಾಟ ಇದ್ದವರು ಕೇಳುವ ರೀತಿ, ಇಲ್ಲದವರು ಕೇಳದೇ ಸುಮ್ಮನಿರುವ ರೀತಿ. ಇದು ಮೊದಲಿನದ್ದಕ್ಕಿಂತ ಚಿಕ್ಕ ಮಾತು, ಆದರೆ ಹೆಚ್ಚು ಗಟ್ಟಿಯಾದ ಮಾತು. ಆ 9 ಜನರಲ್ಲಿ ಉಳಿದ 7 ಜನ ಕೇಳದೇ ಹೇಗೆ ಸಂಭಾಳಿಸುತ್ತಾರೆ ಅಂತ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ ಮತ್ತೆ ಹುಡುಕಿ. ಮೈ ಹುಷಾರಿಲ್ಲ ಅಂತ ಹೇಳುವುದು, ಬದಲಿಗೆ ಮಗಳನ್ನೋ ಓರಗಿತ್ತಿಯನ್ನೋ ಕಳಿಸುವುದು, ಇಂಥವು ಸಿಗಬಹುದು. ನಿಮ್ಮ ಅಧ್ಯಯನದ ಒಳ್ಳೆಯ ಅಧ್ಯಾಯ ಅಲ್ಲೇ ಇರುವ ಸಾಧ್ಯತೆ ಇದೆ. ಈ ಎಣಿಕೆ ಮಾತ್ರ ನಿಮ್ಮ ಒಳಗಿನ ಪರೀಕ್ಷೆಗೆ. ಅದನ್ನು ಶೇಕಡಾ ಲೆಕ್ಕ ಮಾಡಿ ವರದಿಯಲ್ಲಿ ಹಾಕಬೇಡಿ. ಶೇಕಡಾ ಕಂಡ ಕೂಡಲೇ ಓದುವವರು ಅದನ್ನು ಇಡೀ ಬೆಂಗಳೂರಿಗೆ ಅನ್ವಯಿಸಿಬಿಡುತ್ತಾರೆ.

ಅದೇ ಹಾಳೆಯಲ್ಲಿ ಯಾರು ಬಂದಿಲ್ಲ ಅಂತಲೂ ನೋಡಿ. ಪರಿಚಯದ ಸರಪಳಿ ಪರಿಚಯ ಇರುವ ಕಡೆಗೇ ಹೋಗುತ್ತದೆ. ಮಾಲೀಕರ ಮನೆಯಲ್ಲೇ ಉಳಿದು ಕೆಲಸ ಮಾಡುವವರು, ಕನ್ನಡ ತಮಿಳು ಬಾರದ, ಬೇರೆ ರಾಜ್ಯದಿಂದ ಬಂದ ಹೆಣ್ಣುಮಕ್ಕಳು, ಹಗಲಿಡೀ ಹೊರಗೆ ಬಾರದವರು ನಿಮ್ಮ ಮೂವರಿಗೂ ಪರಿಚಯ ಇರಲಿಕ್ಕಿಲ್ಲ. ರಜೆ ಕೇಳುವುದು ಅತಿ ಕಷ್ಟ ಇರುವುದು ಇಂಥವರಿಗೇ ಇರಬಹುದು ಅಲ್ವಾ? ಹಾಗಾಗಿ ‘ಮಿತಿಗಳು’ ಅನ್ನುವ ಭಾಗದಲ್ಲಿ ‘ಮಾದರಿ ಚಿಕ್ಕದು, ಸಾಮಾನ್ಯೀಕರಿಸಲಾಗದು’ ಅಂತ ಒಂದು ಸಾಲು ಬರೆದು ಮುಗಿಸಬೇಡಿ. ಯಾರು ಬಿಟ್ಟುಹೋದರು, ಅದರಿಂದ ನಿಮ್ಮ ಫಲಿತಾಂಶ ಯಾವ ಕಡೆಗೆ ವಾಲಿದೆ ಅಂತ ಹೇಳಿ. ನಿಮ್ಮ ವಿಷಯದಲ್ಲಿ ಅದು ‘ಕೇಳುವ ಧೈರ್ಯ ಇರುವವರ’ ಕಡೆಗೆ ವಾಲಿದೆ. ಸಮಯ ಉಳಿದಿದ್ದರೆ ಹೊಸ ಬಾಗಿಲಿನಿಂದ ಮೂರು ನಾಲ್ಕು ಜನರನ್ನಾದರೂ ಹುಡುಕಿ, ಸಂಘದ ಸರಪಳಿಯಲ್ಲಿ ಇನ್ನೊಬ್ಬರೂ ಬೇಡ. ಸಮಯ ಇಲ್ಲ ಅಂದರೆ ಶೀರ್ಷಿಕೆಯನ್ನೇ ಕಿರಿದು ಮಾಡಿ: ‘ಬೆಂಗಳೂರಿನ ಮನೆಕೆಲಸದ ಮಹಿಳೆಯರು’ ಅನ್ನುವ ಬದಲು ‘ದಕ್ಷಿಣ ಬೆಂಗಳೂರಿನ ಎರಡು ಬಡಾವಣೆಗಳಲ್ಲಿ ದಿನವೂ ಬಂದುಹೋಗಿ ಮನೆಕೆಲಸ ಮಾಡುವ ಮಹಿಳೆಯರು’.

ಸ್ಯಾಚುರೇಶನ್ ವಿಷಯದಲ್ಲಿ ಸ್ನೋಬಾಲ್ ಮಾಡಿದವರು ದುಪ್ಪಟ್ಟು ಹುಷಾರಾಗಿರಬೇಕು. ಹೊಸ ಇಂಟರ್‌ವ್ಯೂನಲ್ಲಿ ಹೊಸ ವಿಷಯ ಬರುತ್ತಿಲ್ಲ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ವಿಷಯ ನಿಜವಾಗಿ ಮುಗಿದಿರಬಹುದು, ಇಲ್ಲವೇ ನೀವು ಒಂದೇ ಬೀದಿಯ ಗೆಳತಿಯರನ್ನು ಮಾತಾಡಿಸುತ್ತಿರಬಹುದು. ಇದನ್ನು ತಿಳಿಯುವ ದಾರಿ ಇದೆ. ಅವರ ಮಾತಿನಲ್ಲಿ ಕಂಡ ಒಂದೊಂದು ವಿಷಯಕ್ಕೆ ನೀವು ಕೊಡುವ ಹೆಸರೇ ಕೋಡ್; ಪ್ರತಿ ಇಂಟರ್‌ವ್ಯೂನಲ್ಲಿ ಎಷ್ಟು ಹೊಸ ಕೋಡ್ ಬಂತು ಅಂತ ಕ್ರಮವಾಗಿ ಬರೆದುಕೊಳ್ಳಿ. ಸಂಘದ ಸರಪಳಿಯ ಕೊನೆಯ ಐದಾರು ಜನರಲ್ಲಿ ಹೊಸತೇನೂ ಬಾರದೆ, ರೇಷನ್ ಅಂಗಡಿ ಸರಪಳಿಯ ಮೊದಲನೆಯವರಲ್ಲೇ ಮತ್ತೆ ನಾಲ್ಕು ಹೊಸ ಕೋಡ್ ಬಂದರೆ ಮುಗಿದಿದ್ದು ಆ ಸರಪಳಿ ಮಾತ್ರ. ಆಗ ‘ಸಂಘದ ಒಡನಾಟ ಇರುವವರ ಮಟ್ಟಿಗೆ ಹೊಸ ವಿಷಯ ಬರುವುದು ನಿಂತಿತ್ತು, ಉಳಿದವರ ಮಟ್ಟಿಗೆ ನಿಂತಿರಲಿಲ್ಲ’ ಅಂತ ಬರೆಯುವುದೇ ಸರಿ. 2006ರಲ್ಲಿ ಗ್ರೆಗ್ ಗೆಸ್ಟ್ ಮತ್ತು ಜೊತೆಗಾರರು ಘಾನಾ, ನೈಜೀರಿಯಾದ ಮಹಿಳೆಯರ 60 ಇಂಟರ್‌ವ್ಯೂಗಳನ್ನು ಪರಿಶೀಲಿಸಿ, ಮೊದಲ 12ರಲ್ಲೇ ಹೆಚ್ಚಿನ ವಿಷಯ ಬಂದಿತ್ತು ಅಂದರು. ‘12 ಸಾಕು’ ಅಂತ ಅದನ್ನೇ ಎಲ್ಲರೂ ಹಾಕುತ್ತಾರೆ. ಅದು ಸಾಕಷ್ಟು ಒಂದೇ ಥರದ ಜನ, ಎಲ್ಲರಿಗೂ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು ಇದ್ದ ಅಧ್ಯಯನ. ನಿಮ್ಮಲ್ಲಿ ಮೂರು ಬೇರೆ ಬೇರೆ ಗುಂಪಿವೆ, ಆ ಸಂಖ್ಯೆ ನಿಮಗೆ ಆಸರೆಯಾಗುವುದಿಲ್ಲ.

1961ರ ಲಿಯೋ ಗುಡ್‌ಮನ್ ಲೇಖನವನ್ನೂ ಸ್ನೋಬಾಲ್‌ಗೆ ಸಮರ್ಥನೆಯಾಗಿ ಹಾಕುವ ರೂಢಿ ಇದೆ. ಅದು ಸಂಖ್ಯಾಶಾಸ್ತ್ರದ ಲೇಖನ. ಅದರಲ್ಲಿ ಮೊದಲ ಸುತ್ತಿನವರನ್ನು ರ‍್ಯಾಂಡಮ್ ಆಗಿಯೇ ಆರಿಸುತ್ತಾರೆ, ಪ್ರತಿಯೊಬ್ಬರೂ ನಿಗದಿಯಾದಷ್ಟು ಹೆಸರು ಹೇಳುತ್ತಾರೆ. ನೀವು ಮಾಡಿದ್ದು ಅದಲ್ಲ, ಅದನ್ನು ಬಿಟ್ಟುಬಿಡಿ.

ವಿಧಾನದ ಅಧ್ಯಾಯದಲ್ಲಿ ಹೆಚ್ಚುಕಮ್ಮಿ ಹೀಗೆ ಬರೆಯಬಹುದು:

‘ದಿನವೂ ಬಂದುಹೋಗಿ ಕೆಲಸ ಮಾಡುವ, ಕನಿಷ್ಠ ಒಂದು ವರ್ಷ ಅನುಭವ ಇರುವ ಮಹಿಳೆಯರನ್ನು ಸೇರಿಸಿಕೊಳ್ಳಲಾಯಿತು. ಮೂವರಿಂದ ಶುರು ಮಾಡಿ, ಅವರು ಮತ್ತು ಅವರ ನಂತರದವರು ಪರಿಚಯಿಸಿದವರನ್ನು ಭೇಟಿ ಮಾಡಲಾಯಿತು. ಒಟ್ಟು 24 ಜನರಲ್ಲಿ 15 ಜನ ಸಂಘದ ಸದಸ್ಯೆಯೊಬ್ಬರ ಸರಪಳಿಯವರು. ಹಾಗಾಗಿ ಸಂಘದ ಒಡನಾಟ ಇರುವವರ ಅನುಭವ ಇಲ್ಲಿ ಹೆಚ್ಚಾಗಿ ಬಂದಿದೆ, ಫಲಿತಾಂಶಗಳನ್ನು ಸರಪಳಿವಾರು ಹೋಲಿಸಿ ನೋಡಲಾಗಿದೆ. ಮನೆಯಲ್ಲೇ ಉಳಿದು ಕೆಲಸ ಮಾಡುವವರು ಅಧ್ಯಯನದಲ್ಲಿಲ್ಲ.’

ಇದಕ್ಕೆ ಮಾತಾಡಲು ಒಪ್ಪದವರ ಸಂಖ್ಯೆ, ಅವರು ಕೊಟ್ಟ ಕಾರಣ ಸೇರಿಸಿ. ಗುಣಾತ್ಮಕ ವರದಿಗಳಿಗೆ 2007ರಲ್ಲಿ ಬಂದ ಕೊರೆಕ್ ಅನ್ನುವ 32 ಅಂಶಗಳ ಪಟ್ಟಿಯೂ ಇದನ್ನು ಕೇಳುತ್ತದೆ: ಹೇಗೆ ಆರಿಸಿದಿರಿ, ಹೇಗೆ ಸಂಪರ್ಕಿಸಿದಿರಿ, ಎಷ್ಟು ಜನ, ಎಷ್ಟು ಜನ ಬರಲಿಲ್ಲ.

ರ‍್ಯಾಂಡಮ್ ಯಾಕಿಲ್ಲ ಅಂದರೆ ಎರಡು ಕಾರಣ ಹೇಳಿ. ಒಂದು, ಮನೆಕೆಲಸ ಮಾಡುವ ಎಲ್ಲರ ಹೆಸರಿರುವ ಪಟ್ಟಿ ಎಲ್ಲೂ ಇಲ್ಲ, ಪಟ್ಟಿ ಇಲ್ಲದೆ ಚೀಟಿ ಎತ್ತಲಾಗುವುದಿಲ್ಲ. ಎರಡು, ಎಷ್ಟು ಜನ ಕೇಳುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ ಆಗಿರಲಿಲ್ಲ, ಹೇಗೆ ಕೇಳುತ್ತಾರೆ ಅನ್ನುವುದಾಗಿತ್ತು. ಈ ಎರಡನೆಯ ಕಾರಣ ನಿಲ್ಲಬೇಕಾದರೆ ನಿಮ್ಮ ವರದಿಯಲ್ಲಿ ಎಲ್ಲೂ ‘ಹೆಚ್ಚಿನವರು’, ‘ಬಹುತೇಕರು’ ಅನ್ನುವ ತೀರ್ಮಾನ ಇರಬಾರದು. ಪರೀಕ್ಷಕರು ಮೊದಲು ಅದನ್ನೇ ಹುಡುಕುತ್ತಾರೆ.

ಆ ಸರಪಳಿಯ ಚಿತ್ರವನ್ನು ಅನುಬಂಧದಲ್ಲಿ ಹಾಗೆಯೇ ಹಾಕಬೇಡಿ. ಹೆಸರು ಬದಲಿಸಿದರೂ ‘45 ವರ್ಷ, ಇಂಥ ಅಪಾರ್ಟ್‌ಮೆಂಟ್, ನಾದಿನಿ ಪರಿಚಯಿಸಿದ್ದು’ ಅಂತ ಇದ್ದರೆ ಆ ಬೀದಿಯವರಿಗೆ ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಯಾರು ಮಾತಾಡಿದ್ದಾರೆ ಅನ್ನುವುದು ಪರಿಚಯಿಸಿದವರಿಗೆ ಮೊದಲೇ ಗೊತ್ತು, ಏನು ಮಾತಾಡಿದರು ಅನ್ನುವುದು ನಿಮ್ಮ ವರದಿಯಿಂದ ಗೊತ್ತಾಗಬಾರದು. ಬರೀ ಚುಕ್ಕಿ, ಗೆರೆ, ಸರಪಳಿ ಸಂಖ್ಯೆ ಇಟ್ಟು ಉಳಿದಿದ್ದನ್ನು ತೆಗೆಯಿರಿ. ಹೊಸಬರನ್ನು ಹುಡುಕಲು ಹೊರಟರೆ ‘ಅವರ ನಂಬರ್ ಕೊಡಿ’ ಅಂತ ಕೇಳುವ ಬದಲು ‘ನನ್ನ ನಂಬರ್ ಅವರಿಗೆ ಕೊಡಿ, ಇಷ್ಟ ಇದ್ದರೆ ಫೋನ್ ಮಾಡಲಿ’ ಅನ್ನಿ. ಬರುವವರು ಕಡಿಮೆಯಾಗುತ್ತಾರೆ, ನಿಜ. ಆದರೆ ಬಂದವರು ಯಾರದ್ದೋ ದಾಕ್ಷಿಣ್ಯಕ್ಕೆ ಕೂತು ಮಾತಾಡಿರುವುದಿಲ್ಲ. ಈ ಕ್ರಮವನ್ನೂ ವಿಧಾನದ ಅಧ್ಯಾಯದಲ್ಲಿ ಒಂದು ಸಾಲು ಬರೆಯಿರಿ.