ಅಂಗಡಿಯ ನೇರಳೆ, ಅಂಗಳದ ನೇರಳೆ

"ಮಗನ ಉಪನಯನಕ್ಕೆ ನೇರಳೆ ರೇಷ್ಮೆ ಸೀರೆ ತೆಗೆದೆ. ಜೊತೆಗೆ ಬಂದ ರವಕೆ ಬಟ್ಟೆ ನಮ್ಮ ಸೆಕೆಗೆ ಆಗದೆಂದು ಕಾಸರಗೋಡಿನ ಮ್ಯಾಚಿಂಗ್ ಅಂಗಡಿಯೊಂದರಲ್ಲಿ ಟೂ ಬೈ ಟೂ ಹತ್ತಿ ಬಟ್ಟೆ ಹುಡುಕಿಸಿದೆ. ಟ್ಯೂಬ್‌ಲೈಟಿನಡಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿಯೇ ತಂದದ್ದು, ಒಂದೇ ಬಣ್ಣ. ಅಮ್ಮ ಮಾತ್ರ (ಅವರಿಗೆ 74) ಅಲ್ಲೇ 'ಇದು ಕೂಡುವುದಿಲ್ಲ' ಅಂದಿದ್ದರು. ಉಪನಯನದ ದಿನ ಅಂಗಳಕ್ಕೆ ಇಳಿದರೆ ಸೀರೆ ಕೆಂಪು, ರವಕೆ ನೀಲಿ! ಅಂಗಡಿಯವರು ತುಂಡು ಬದಲಿಸಿದರೇ? ರವಕೆಗೆ ಸ್ವಲ್ಪ ಬಣ್ಣ ಹಾಕಿಸಿದರೆ ಸರಿಯಾದೀತೇ? ಎರಡರ ಚೂರನ್ನೂ ಕಳಿಸಿದ್ದೇನೆ."
— ಓದುಗರೊಬ್ಬರು, ಬದಿಯಡ್ಕ

ಅಂಗಡಿಯವರ ಮೇಲೆ ಸಂಶಯ ಬೇಡ ಅಕ್ಕ. ನೀವು ಕಳಿಸಿದ ಚೂರುಗಳೇ ಅವರ ಪರವಾಗಿ ಸಾಕ್ಷಿ ಹೇಳುತ್ತಿವೆ. ಅವನ್ನು ನಮ್ಮ ಕಚೇರಿಯ ಸಪೂರ ಟ್ಯೂಬ್‌ಲೈಟಿನ ಕೆಳಗೆ ಅಂಚಿಗೆ ಅಂಚು ತಾಗಿಸಿ ಇಟ್ಟೆ. ನೂಲು ದಪ್ಪವೋ ತೆಳುವೋ ಎಂಬುದನ್ನು ಬಿಟ್ಟರೆ ಬಣ್ಣದಲ್ಲಿ ವ್ಯತ್ಯಾಸ ಹುಡುಕಲು ಆಗಲಿಲ್ಲ. ಅದೇ ಕಾಗದದ ಮೇಲೆ ಅವನ್ನು ಹಾಗೆಯೇ ಜಗಲಿಗೆ ಒಯ್ದೆ. ಹನ್ನೊಂದು ಗಂಟೆಯ ಬೆಳಕು. ರೇಷ್ಮೆ ಕುಂಕುಮ ಕಲಸಿದ ಹಾಗೆ ಕೆಂಪಿಗೆ ಸರಿಯಿತು, ಹತ್ತಿ ನೀಲಿಗೆ ಸರಿದು ನಿಂತಿತು. ಮತ್ತೆ ಒಳಗೆ ತಂದೆ, ಮತ್ತೆ ಜೋಡಿಯಾದವು. ರಾತ್ರಿ ಮನೆಯಲ್ಲಿ ದೇವರ ಕೋಣೆಯ ಹಳೆಯ ನಲವತ್ತು ವಾಟಿನ ತಂತಿ ಬಲ್ಬಿನಡಿ ಹಿಡಿದಾಗ ಬಿರುಕು ಜಗಲಿಗಿಂತಲೂ ದೊಡ್ಡದಾಯಿತು.

ಒಳಗೆ ತಂದ ಕೂಡಲೇ ಪುನಃ ಜೋಡಿಯಾದದ್ದೇ ರೋಗದ ಗುರುತು. ಬಣ್ಣ ಮಾಸಿದ್ದರೆ, ಅಂಗಡಿಯಲ್ಲಿ ತುಂಡು ಅದಲುಬದಲಾಗಿದ್ದರೆ, ಟ್ಯೂಬ್‌ಲೈಟಿನಡಿಯೂ ಅವು ಇನ್ನು ಕೂಡುತ್ತಿರಲಿಲ್ಲ. ರೇಷ್ಮೆಯ ಹೊಳಪಿನ ಆಟವೋ ಎಂದು ಚೂರನ್ನು ಕಾಲು ಸುತ್ತು ತಿರುಗಿಸಿ, ಓರೆ ಹಿಡಿದು ನೋಡಿದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆಗಳು ಹಾಗೆ ತಿರುಗಿಸಿದಾಗ ಬಣ್ಣ ಬದಲಿಸುತ್ತವೆ. ನಿಮ್ಮದು ಬದಲಿಸಲಿಲ್ಲ. ಬದಲಾದದ್ದು ಬೆಳಕು ಮಾತ್ರ. ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಅಗಲುವ ಇಂಥ ಜೋಡಿಗೆ ಮೆಟಾಮೆರಿಕ್ ಜೋಡಿ ಎನ್ನುತ್ತಾರೆ, ಸಂಗತಿಗೆ ಮೆಟಾಮೆರಿಸಮ್.

ಇದನ್ನು ನಮ್ಮೂರಿನ ಅಡಿಕೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಗೋಣಿಯಲ್ಲಿ 30 ಕಿಲೋ ಪಟೋರ ಇದೆ. ಇನ್ನೊಂದರಲ್ಲಿ 15 ಕಿಲೋ ಚಾಲಿ, 15 ಕಿಲೋ ಉಳ್ಳಿ. ಲೆಕ್ಕ ಸುಲಭವಾಗಲೆಂದು ಇವತ್ತಿನ ಧಾರಣೆ ಕಿಲೋ ಚಾಲಿಗೆ 400, ಪಟೋರಕ್ಕೆ 300, ಉಳ್ಳಿಗೆ 200 ಎಂದು ಇಟ್ಟುಕೊಳ್ಳಿ. ಎರಡೂ ಗೋಣಿಗೆ 9,000 ರೂಪಾಯಿಯೇ ಬರುತ್ತದೆ. ಚೀಟಿ ಮಾತ್ರ ನೋಡುವವನಿಗೆ ಎರಡೂ ಗೋಣಿ ಒಂದೇ. ನಾಳೆ ಪಟೋರಕ್ಕೆ 20 ರೂಪಾಯಿ ಏರಿತು ಎನ್ನಿ, ಮೊದಲನೆಯದು 9,600 ಆಯಿತು, ಎರಡನೆಯದು ಅಲ್ಲೇ ಉಳಿಯಿತು. ಗೋಣಿಯೊಳಗೆ ಯಾರೂ ಕೈ ಹಾಕಲಿಲ್ಲ. ನಿಮ್ಮ ಬಟ್ಟೆ ಆ ಗೋಣಿ, ಬೆಳಕು ಆ ದಿನದ ಧಾರಣೆ, ಕಣ್ಣು ಚೀಟಿಯ ಮೊತ್ತ ಮಾತ್ರ ಓದುವ ಮನುಷ್ಯ.

ಕಣ್ಣು ಒಂದಲ್ಲ, ಮೂರು ಮೊತ್ತ ಓದುತ್ತದೆ ಎಂಬುದೊಂದೇ ತಿದ್ದುಪಡಿ. ಹಗಲಿನಲ್ಲಿ ಬಣ್ಣ ನೋಡುವ ಕೋಶಗಳು ನಮ್ಮಲ್ಲಿ ಮೂರು ಬಗೆಯವು. ಕಣ್ಣಿಗೆ ಬೀಳುವ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಷ್ಟು ಬಗೆಯ ಕಿರಣವಿದ್ದರೂ ಮೆದುಳಿಗೆ ಹೋಗುವುದು ಈ ಮೂರು ಮೊತ್ತ. ಬಣ್ಣದ ಕಾರ್ಖಾನೆಯವರು ಬಟ್ಟೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಹಾಗಲ್ಲ. ಅದು 400ರಿಂದ 700 ನ್ಯಾನೋಮೀಟರಿನವರೆಗೆ ಪ್ರತಿ ಹತ್ತಕ್ಕೊಂದರಂತೆ, ಬಟ್ಟೆ ಎಷ್ಟು ಬೆಳಕನ್ನು ಹಿಂದೆ ಕಳಿಸಿತು ಎಂದು 31 ಅಂಕಿ ಬರೆದುಕೊಳ್ಳುತ್ತದೆ. ಆ 31 ಅಂಕಿಗಳೂ ಒಂದೇ ಆಗಿರುವ ಎರಡು ಬಟ್ಟೆ ಯಾವ ಬೆಳಕಿನಲ್ಲೂ ಜಗಳಾಡುವುದಿಲ್ಲ. 31 ಬೇರೆ ಬೇರೆಯಾಗಿದ್ದು ಮೂರು ಮೊತ್ತ ಮಾತ್ರ ತಾಳೆಯಾದರೆ, ಆ ತಾಳೆ ಆ ಒಂದು ಬೆಳಕಿಗೆ ಸೀಮಿತ.

ಇನ್ನು ಟ್ಯೂಬ್‌ಲೈಟ್. ಹಳೆಯ ಸಿ.ಡಿ. ಒಂದಿದ್ದರೆ ಅದರಲ್ಲಿ ಸಪೂರ ಟ್ಯೂಬಿನ ಅಥವಾ ಸುರುಳಿ ಸಿ.ಎಫ್.ಎಲ್.ನ ಪ್ರತಿಬಿಂಬ ನೋಡಿ. ಕಾಮನಬಿಲ್ಲು ಒಂದೇ ಪಟ್ಟಿಯಾಗಿ ಕಾಣದು, ತುಂಡು ತುಂಡಾಗಿ ಕಾಣುತ್ತದೆ: ಒಂದು ನೀಲಿ, ಒಂದು ಗಾಢ ಹಸಿರು, ಒಂದು ಕಿತ್ತಳೆಗೆಂಪು, ನಡುವೆ ಮಸುಕು. ಈ ಟ್ಯೂಬುಗಳು ಹಸಿರನ್ನು ಹೆಚ್ಚಾಗಿ 545ರ ಸುತ್ತ, ಕೆಂಪನ್ನು 611ರ ಸುತ್ತ ಚೆಲ್ಲುತ್ತವೆ. ಅದರಾಚೆಯ ಕಡುಗೆಂಪು ಬಹಳ ಕಡಿಮೆ. ತಂತಿ ಬಲ್ಬನ್ನು ಅದೇ ಸಿ.ಡಿ.ಯಲ್ಲಿ ನೋಡಿದರೆ ಎಲ್ಲೂ ಕಡಿಯದ ಪಟ್ಟಿ. (ಬಿಸಿಲನ್ನು ಹೀಗೆ ನೋಡಲು ಹೋಗಬೇಡಿ, ಕಣ್ಣು ಹಾಳಾದೀತು.)

ನಿಮ್ಮ ಚೂರುಗಳಲ್ಲಿ ಆದದ್ದೇನೆಂದು ತೋರಿಸಲು ನಾನೇ ಕೆಲವು ಅಂಕಿ ಇಟ್ಟುಕೊಂಡಿದ್ದೇನೆ, ಅಳೆದದ್ದಲ್ಲ. ನೀಲಿಯಲ್ಲಿ ಎರಡೂ ಬಟ್ಟೆ ನೂರಕ್ಕೆ 24 ಪಾಲು ಹಿಂದೆ ಕಳಿಸುತ್ತವೆ, ಹಸಿರಲ್ಲಿ 8, 611ರ ಕೆಂಪಿನಲ್ಲಿ 20. ಅಲ್ಲಿಂದ ಮುಂದೆ ದಾರಿ ಬೇರೆ. 660ರ ಕಡುಗೆಂಪಿನಲ್ಲಿ ಸೀರೆ 60 ಪಾಲು ಕಳಿಸುತ್ತದೆ, ರವಕೆ 25 ಮಾತ್ರ. ಟ್ಯೂಬ್‌ಲೈಟ್ ಅಲ್ಲಿಗೆ ಬೆಳಕನ್ನೇ ಹೆಚ್ಚು ಕಳಿಸದ ಕಾರಣ ಸೀರೆಯ ಆ 60 ಕಣ್ಣಿಗೆ ಬೀಳುವುದೇ ಇಲ್ಲ. ಅಂಗಳದಲ್ಲಿ ಸೂರ್ಯ ಆ ಜಾಗವನ್ನೂ ಚೆನ್ನಾಗಿ ಬೆಳಗುತ್ತಾನೆ, ಸೀರೆಯ ಅಡಗಿದ ಕೆಂಪು ಹೊರಗೆ ಬರುತ್ತದೆ. ಪಕ್ಕದ ರವಕೆ ಅದರೆದುರು ನೀಲಿಯಾಗಿ ತೋರುತ್ತದೆ. ತಂತಿ ಬಲ್ಬು 450ರ ನೀಲಿಯಲ್ಲಿ ಕೊಡುವ ಬೆಳಕಿನ ಸುಮಾರು 5 ಪಟ್ಟನ್ನು 660ರಲ್ಲಿ ಕೊಡುತ್ತದೆ. ದೇವರ ಕೋಣೆಯಲ್ಲಿ ಬಿರುಕು ದೊಡ್ಡದಾದದ್ದು ಅದಕ್ಕೆ. ಈಗಿನ ಅಂಗಡಿಗಳ ಎಲ್‌ಇಡಿಯ ಜಾತಕ ಬೇರೆ: 450ರ ಹತ್ತಿರ ನೀಲಿಯ ಮೊನೆ, 480ರ ಆಸುಪಾಸು ಹಳ್ಳ, ಮತ್ತೆ ಹಳದಿಯ ಗುಡ್ಡ, ಕಡುಗೆಂಪಿನಲ್ಲಿ ಪುನಃ ಇಳಿಜಾರು. ಅಲ್ಲಿಯೂ ಜೋಡಿಗಳು ಮೋಸ ಮಾಡುತ್ತವೆ, ಬೇರೆ ಜೋಡಿಗಳು ಅಷ್ಟೆ.

ಒಂದೇ ಬಣ್ಣದಲ್ಲಿ ಅದ್ದಿದರೆ ಆಗದೇ ಎಂದು ಕೇಳಬಹುದು. ಅದು ಅಷ್ಟು ಸುಲಭವಲ್ಲ. ರೇಷ್ಮೆಗೆ ಹೆಚ್ಚಾಗಿ ಆಸಿಡ್ ಬಣ್ಣ, ಹತ್ತಿಗೆ ರಿಯಾಕ್ಟಿವ್ ಅಥವಾ ವ್ಯಾಟ್, ಪಾಲಿಯೆಸ್ಟರಿಗೆ ಡಿಸ್ಪರ್ಸ್. ಒಂದಕ್ಕೆ ಹಿಡಿಯುವುದು ಇನ್ನೊಂದಕ್ಕೆ ಹೆಚ್ಚಾಗಿ ಅದೇ ರೀತಿ ಹಿಡಿಯುವುದಿಲ್ಲ. ನೂಲಿನ ಜಾತಿ ಬದಲಾದ ಕೂಡಲೇ ಬಣ್ಣದ ವಸ್ತುವೂ ಬದಲಾಗುತ್ತದೆ, ಆಮೇಲೆ ಬಣ್ಣಗಾರ ಮೊತ್ತ ಕೂಡಿಸಬಲ್ಲ, ಗೋಣಿಯ ಒಳಗನ್ನು ಒಂದು ಮಾಡಲಾರ. ಎರಡು ಮೂರು ಬಣ್ಣ ಬೆರೆಸಿ ತೆಗೆಯುವ ನೇರಳೆ, ಬೂದು, ಕಂದು, ಪಾಚಿಹಸಿರುಗಳಲ್ಲಿ ಈ ತೊಂದರೆ ಹೆಚ್ಚು. ಮೊತ್ತ ಕೂಡಿಸುವ ದಾರಿಗಳು ಹೆಚ್ಚಿದಷ್ಟೂ ಅಗಲುವ ದಾರಿಗಳೂ ಹೆಚ್ಚು. ನಮ್ಮ ಕಾಸರಗೋಡು ಸೀರೆಯಂಥ ಹತ್ತಿ ಕೈಮಗ್ಗದ ಸೀರೆಗೆ ಅದೇ ಲಾಟಿನ ನೂಲಿನಲ್ಲಿ ನೇಯ್ದ ರವಕೆ ಇದ್ದರೆ ಈ ಪಂಚಾಯಿತಿಗೇ ಕಾರಣವಿಲ್ಲ.

ರವಕೆಗೆ ಕೆಂಪು ಹಾಕಿಸುವ ಯೋಚನೆ ಬಿಟ್ಟುಬಿಡಿ. ಬಣ್ಣ ಬಟ್ಟೆಗೆ ಬೆಳಕನ್ನು ಸೇರಿಸುವುದಿಲ್ಲ, ಕಸಿದುಕೊಳ್ಳುತ್ತದೆ. ಕೆಂಪು ಬಣ್ಣ ಹಾಕಿದರೆ ಅದು ನೀಲಿಯ 24ನ್ನೂ ಹಸಿರಿನ 8ನ್ನೂ ಕಡಿಮೆ ಮಾಡೀತು, 660ರ 25ನ್ನು 60ಕ್ಕೆ ಏರಿಸಲಾರದು. ಅಂಗಳದಲ್ಲಿ ಒಂದಿಷ್ಟು ಹತ್ತಿರ ಬಂದ ಹಾಗೆ ಕಂಡೀತು, ಒಟ್ಟಾರೆ ಬಟ್ಟೆ ಕಪ್ಪಾದೀತು, ಟ್ಯೂಬ್‌ಲೈಟಿನಡಿ ಇದ್ದ ಜೋಡಿಯೂ ಹೋದೀತು. ಸರಿಪಡಿಸುವುದಾದರೆ ಇದ್ದ ಬಣ್ಣ ಪೂರ್ತಿ ತೆಗೆದು ಬೇರೆ ಬೆರಕೆಯಲ್ಲಿ ಮೊದಲಿಂದ ಅದ್ದಬೇಕು. ಒಂದು ರವಕೆಗೆ ಅಷ್ಟು ಖರ್ಚು ಯಾಕೆ?

ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಅಂದರೆ ಅವರ ಮೂರು ಮೊತ್ತ ನಿಮ್ಮ ಮೂರು ಮೊತ್ತದ ಹಾಗಲ್ಲ. ನಿಮಗೆ ತಾಳೆಯಾದದ್ದು ಅದೇ ಟ್ಯೂಬಿನಡಿ ಅವರಿಗೆ ತಾಳೆಯಾಗದೆ ಇರಬಹುದು, ಇಬ್ಬರದೂ ಸರಿ. ಪೊರೆ ಆಪರೇಶನ್ ಆದವರು ನೀಲಿ ಹೊಸದಾಗಿ ಕಾಣುತ್ತದೆ ಎನ್ನುವುದನ್ನು ನೀವೂ ಕೇಳಿರಬಹುದು. ಒಬ್ಬರ ಕಣ್ಣಿಗೆ ಕೂಡಿ ಇನ್ನೊಬ್ಬರಿಗೆ ಕೂಡದಿರುವುದೂ ಮೆಟಾಮೆರಿಕ್ ಜೋಡಿಯಲ್ಲೇ. 31 ಅಂಕಿಯೂ ಒಂದಾಗಿದ್ದರೆ ಅಮ್ಮನಿಗೂ ಕೂಡುತ್ತಿತ್ತು.

ನನಗೂ ಈ ಪೆಟ್ಟು ಬಿದ್ದಿದೆ, ಬಟ್ಟೆಯಲ್ಲಲ್ಲ. ಒಮ್ಮೆ ಮುಖಪುಟದ ಪ್ರೂಫನ್ನೂ ಅಚ್ಚಾದ ಮೊದಲ ಹಾಳೆಯನ್ನೂ ಪ್ರೆಸ್ಸಿನ ಟ್ಯೂಬ್‌ಲೈಟಿನಡಿ ಒಟ್ಟಿಗೆ ಹಿಡಿದು "ಹೂಂ" ಎಂದು ಸಹಿ ಹಾಕಿದೆ. ಕಟ್ಟು ಬಿಚ್ಚಿ ಜಗಲಿಯಲ್ಲಿ ನೋಡಿದರೆ ಬೂದು ಹಿನ್ನೆಲೆ ಹಸಿರಾಗಿ ಕೂತಿತ್ತು. ಪ್ರೂಫ್ ತೆಗೆದ ಯಂತ್ರದ ಶಾಯಿ ಬೇರೆ, ಆಫ್‌ಸೆಟ್ ಶಾಯಿ ಬೇರೆ. ಒಳ್ಳೆಯ ಪ್ರೆಸ್ಸುಗಳಲ್ಲಿ ಇದಕ್ಕೆಂದೇ 5000 ಕೆಲ್ವಿನ್‌ನ ದೀಪದ ಗೂಡು ಇರುತ್ತದೆ. ನಾನು ಸಹಿ ಹಾಕಿದಲ್ಲಿ ಕ್ಯಾಲೆಂಡರಿನ ಹಿಂದೆ ಒಂದು ಟ್ಯೂಬ್ ಇತ್ತು.

ಮುಂದಿನ ಸಲಕ್ಕೆ ಒಂದು ಕೆಲಸ. ಬಟ್ಟೆಯನ್ನು ಕತ್ತರಿಸಿ ಕೊಡುವ ಮೊದಲು ಥಾನಿನ ತುದಿಯನ್ನೂ ಸೀರೆಯ ಅಂಚನ್ನೂ ಅಂಗಡಿಯ ಬಾಗಿಲಿನ ಹೊರಗೆ ತಂದು, ನೇರ ಬಿಸಿಲಲ್ಲದ ಬಯಲಿನ ಬೆಳಕಿನಲ್ಲಿ ನೋಡಿ. ಹಸಿರು ನೆಟ್ಟಿನ ಚಪ್ಪರದ ಕೆಳಗೆ ಅಥವಾ ಅಡಿಕೆ ತೋಟದ ನೆರಳಲ್ಲಿ ನೋಡಿದರೆ ಪ್ರಯೋಜನವಿಲ್ಲ, ಅಲ್ಲಿ ಬೆಳಕೇ ಹಸಿರು ಸೋಸಿ ಬಂದಿರುತ್ತದೆ. ಮತ್ತೆ ಫೋನಿನ ಟಾರ್ಚಿನಡಿ ಒಮ್ಮೆ, ತಂತಿ ಬಲ್ಬು ಸಿಕ್ಕಿದರೆ ಅದರಡಿ ಒಮ್ಮೆ. ಇಷ್ಟು ಭಿನ್ನವಾದ ಬೆಳಕುಗಳಲ್ಲಿ ಅಗಲದ ಜೋಡಿ ಮದುವೆ ಹಾಲಿನಲ್ಲಿ ಅಗಲುವುದು ಅಪರೂಪ. ಅಂಗಡಿಯ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗಿನ ರವಕೆಯನ್ನು ಬಿಸಾಡಬೇಡಿ. ಕಾರ್ಯಕ್ರಮ ನಡೆಯುವ ಹಾಲಿಗೆ ಮುಂಚೆಯೇ ಯಾರಾದರೂ ಹೋಗುವವರಿದ್ದರೆ ಈ ಎರಡು ಚೂರು ಅವರ ಕೈಲಿ ಕೊಟ್ಟು ಕಳಿಸಿ, ಅಲ್ಲಿಯ ದೀಪದಡಿ ಕೂಡಿದರೆ ಉಟ್ಟುಕೊಳ್ಳಿ. ಚೂರುಗಳನ್ನು ಲಕೋಟೆಯಲ್ಲಿ ಹಿಂದೆ ಕಳಿಸಿದ್ದೇನೆ. ಅಂಟಿಸಿದ ಕಾಗದದ ಹಿಂಬದಿಗೆ ಪೆನ್ಸಿಲಿನಲ್ಲಿ 'ಸೀ', 'ರ' ಎಂದು ಬರೆದಿದ್ದೇನೆ, ಯಾಕೆಂದರೆ ನಮ್ಮ ಟ್ಯೂಬ್‌ಲೈಟಿನಡಿ ಮುಟ್ಟದೆ ಹೇಳಲು ನನಗೆ ಆಗಲಿಲ್ಲ.

— ಸಂ.