ತೆರಿಗೆ ಸೇರಿದ ದರ, ಸೇರದ ದರ: ತುಲನಾತ್ಮಕ ತಖ್ತೆಯಲ್ಲಿ ಎಲ್-1 ಯಾರು?

ಪ್ರಶ್ನೆ: ಗದಗದಲ್ಲಿರುವ ನಮ್ಮ ಶಿಕ್ಷಣ ಸಂಸ್ಥೆಗೆ 60 ಡೆಸ್ಕು, 8 ಕಬ್ಬಿಣದ ಕಪಾಟು ಮತ್ತು 10 ಮೇಜು ಖರೀದಿಸಲು ಲಕೋಟೆಯಲ್ಲಿ ಟೆಂಡರ್ ಕರೆದಿದ್ದೆವು. ಹುಬ್ಬಳ್ಳಿ, ಗದಗ ಮತ್ತು ಕೊಲ್ಹಾಪುರದಿಂದ ಮೂರು ಬಿಡ್ ಬಂದಿವೆ. ಹುಬ್ಬಳ್ಳಿಯವರು ಜಿಎಸ್‌ಟಿ ಪ್ರತ್ಯೇಕ ಎಂದಿದ್ದಾರೆ, ಗದಗದವರು ಎಲ್ಲ ತೆರಿಗೆ ಸೇರಿದೆ ಎಂದಿದ್ದಾರೆ, ಕೊಲ್ಹಾಪುರದವರ ಮೊತ್ತ ಎಲ್ಲರಿಗಿಂತ ಕಡಿಮೆ ಇದೆ. ಖರೀದಿ ಸಮಿತಿಯ ಹಿರಿಯರು ಕೊಲ್ಹಾಪುರದವರಿಗೇ ಆದೇಶ ಕೊಡೋಣ ಎನ್ನುತ್ತಿದ್ದಾರೆ. ನಾನು ತಯಾರಿಸಿದ ತಖ್ತೆ ಮತ್ತು ಬಿಡ್‌ಗಳ ಪ್ರತಿ ಕಳಿಸಿದ್ದೇನೆ. ಸರಿ ಇದೆಯೇ ದಯವಿಟ್ಟು ನೋಡಿ ತಿಳಿಸಿ.
— ಕಚೇರಿ ಸಹಾಯಕಿ, ಗದಗ

ಉತ್ತರ: ಆದೇಶವನ್ನು ಸದ್ಯ ತಡೆಯಿರಿ. ನಿಮ್ಮ ತಖ್ತೆಯ ಕೊನೆಯ ಸಾಲಿನಲ್ಲಿರುವ ಮೂರು ಮೊತ್ತಗಳು ಮೂರು ಬೇರೆ ಬೇರೆ ಆಧಾರದ ಮೇಲೆ ನಿಂತಿವೆ. ಹುಬ್ಬಳ್ಳಿಯವರ 4,02,000 ರೂಪಾಯಿ ತೆರಿಗೆ ಸೇರದ ಮೊತ್ತ, ಗದಗದವರ 4,65,600 ರೂಪಾಯಿ ತೆರಿಗೆ ಸೇರಿದ ಮೊತ್ತ, ಕೊಲ್ಹಾಪುರದವರ 3,81,600 ರೂಪಾಯಿಯಲ್ಲಿ ತೆರಿಗೆಯೂ ಇಲ್ಲ, ಸಾಗಣೆಯೂ ಇಲ್ಲ. ಅದರ ಕೂಡಿಕೆ ಕೂಡ ತಪ್ಪಿದೆ. ಇವುಗಳನ್ನು ಒಂದೇ ಆಧಾರಕ್ಕೆ ತಂದ ಮೇಲೆ ತಖ್ತೆಯಲ್ಲಿ ಅತಿ ದುಬಾರಿಯಾಗಿ ಕಾಣುವ ಗದಗದವರೇ ಕನಿಷ್ಠ ದರದವರು, ಅಂದರೆ ಎಲ್-1 ಆಗುತ್ತಾರೆ.

ಮೊದಲು ಕೂಡಿಕೆಯನ್ನು ನೋಡೋಣ. ಬಿಡ್‌ದಾರರು ಬರೆದ ಮೊತ್ತವನ್ನು ತಖ್ತೆಗೆ ಹಾಗೆಯೇ ಇಳಿಸಿಕೊಳ್ಳಬಾರದು. ಅವರ ಬಿಡಿ ದರವನ್ನು ಮಾತ್ರ ತೆಗೆದುಕೊಂಡು, ಟೆಂಡರಿನಲ್ಲಿ ನೀವು ಪ್ರಕಟಿಸಿದ ಸಂಖ್ಯೆಯಿಂದ ನೀವೇ ಗುಣಿಸಬೇಕು. ಕೊಲ್ಹಾಪುರದವರು ಡೆಸ್ಕಿಗೆ 4,100, ಕಪಾಟಿಗೆ 11,200, ಮೇಜಿಗೆ 5,600 ರೂಪಾಯಿ ಹಾಕಿದ್ದಾರೆ. ಹಾಗಾದರೆ ಡೆಸ್ಕುಗಳಿಗೆ 2,46,000, ಕಪಾಟುಗಳಿಗೆ 89,600, ಮೇಜುಗಳಿಗೆ 56,000, ಒಟ್ಟು 3,91,600 ರೂಪಾಯಿ ಆಗುತ್ತದೆ. ಅವರು ಬರೆದದ್ದು ಇದಕ್ಕಿಂತ ಹತ್ತು ಸಾವಿರ ಕಡಿಮೆ. ಬಿಡಿ ದರಕ್ಕೂ ಮೊತ್ತಕ್ಕೂ ಹೊಂದಿಕೆಯಾಗದಿದ್ದರೆ ಬಿಡಿ ದರವೇ ನಿಲ್ಲುತ್ತದೆ ಎಂಬುದು ಸಾಮಾನ್ಯ ಷರತ್ತು, ನಿಮ್ಮ ಟೆಂಡರ್ ದಾಖಲೆಯಲ್ಲಿಯೂ ಅದೇ ಇದೆ. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಬರೆದಾಗ ಮಾತ್ರ ದಾಖಲೆಯಿಂದ ದಾಖಲೆಗೆ ನಿಯಮ ಬೇರೆಯಾಗಿರುತ್ತದೆ: ಕೆಲವು ಅಕ್ಷರದಲ್ಲಿರುವುದನ್ನು ಒಪ್ಪುತ್ತವೆ, ಕೆಲವು ಎರಡರಲ್ಲಿ ಕಡಿಮೆಯಿರುವುದನ್ನು ಒಪ್ಪುತ್ತವೆ. ನಿಮ್ಮ ಮೂರೂ ಬಿಡ್‌ಗಳಲ್ಲಿ ಆ ಗೊಂದಲವಿಲ್ಲ.

ತಿದ್ದಿದ ಮೊತ್ತವನ್ನು ಮೂಲ ಬಿಡ್‌ನ ಕಾಗದದ ಮೇಲೆ ಬರೆಯಬೇಡಿ. ತಖ್ತೆಯಲ್ಲಿ ‘ಬಿಡ್‌ದಾರರು ಬರೆದದ್ದು’ ಮತ್ತು ‘ಲೆಕ್ಕ ಹಾಕಿ ತಿದ್ದಿದ್ದು’ ಎಂದು ಎರಡು ಸಾಲು ಇಟ್ಟರೆ, ನಾಳೆ ಲೆಕ್ಕ ಪರಿಶೋಧಕರು ಬಂದಾಗ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ತಾನಾಗಿಯೇ ಕಾಣುತ್ತದೆ.

ಇನ್ನು ತೆರಿಗೆ. ಕಬ್ಬಿಣದ ಪೀಠೋಪಕರಣಕ್ಕೆ ಜಿಎಸ್‌ಟಿ ಶೇ. 18 ಇದೆ. ಹುಬ್ಬಳ್ಳಿಯವರು ಕೇಂದ್ರದ್ದು ಶೇ. 9, ರಾಜ್ಯದ್ದು ಶೇ. 9 ಎಂದು ಎರಡು ಸಾಲಿನಲ್ಲಿ ಬರೆದಿದ್ದಾರೆ; ಕೊಲ್ಹಾಪುರದವರು ಹೊರರಾಜ್ಯದವರಾದ್ದರಿಂದ ಐಜಿಎಸ್‌ಟಿ ಶೇ. 18 ಎಂದು ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಭಾರ ಎರಡೂ ಕಡೆ ಒಂದೇ. ನಿಮ್ಮ ಕರಡು ತಖ್ತೆಯೊಂದರಲ್ಲಿ ಹುಬ್ಬಳ್ಳಿಯವರಿಗೆ ಶೇ. 9 ಅನ್ನು ಮಾತ್ರ ಕೂಡಿಸಿದ್ದೀರಿ, ಎರಡನೆಯ ಸಾಲು ಕಣ್ತಪ್ಪಿದೆ. ಅವರ ದರಗಳು 4,200, 11,500 ಮತ್ತು 5,800. ಮೂಲ ಮೊತ್ತ 4,02,000, ತೆರಿಗೆ 72,360, ಒಟ್ಟು 4,74,360 ರೂಪಾಯಿ. ಸಾಗಣೆ ಮತ್ತು ಜೋಡಣೆ ಸೇರಿದೆ ಎಂದು ಅವರೇ ಬರೆದಿರುವುದರಿಂದ ಇದು ಅಂತಿಮ ಮೊತ್ತ.

ಗದಗದವರ ದರಗಳು 4,850, 13,200 ಮತ್ತು 6,900. ಎಲ್ಲ ಸೇರಿ 4,65,600 ರೂಪಾಯಿ. ಇದಕ್ಕೆ ಏನನ್ನೂ ಕೂಡಿಸುವ ಅಗತ್ಯವಿಲ್ಲ, ಸಾಗಣೆಯೂ ಇದರಲ್ಲಿಯೇ ಇದೆ. ಇದನ್ನು ತೆರಿಗೆ ರಹಿತ ಮೊತ್ತಕ್ಕೆ ಇಳಿಸಿ ಹೋಲಿಸೋಣ ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ ಲೆಕ್ಕದ ಬಗೆಯನ್ನು ಗಮನಿಸಿ. 4,65,600ರಲ್ಲಿ ನೇರವಾಗಿ ಶೇ. 18 ಕಳೆದರೆ 3,81,792 ಬರುತ್ತದೆ. ಇದು ತಪ್ಪು, ಏಕೆಂದರೆ ತೆರಿಗೆ ಬಿದ್ದಿರುವುದು ಮೂಲ ಬೆಲೆಯ ಮೇಲೆಯೇ ಹೊರತು ತೆರಿಗೆ ಸೇರಿದ ಬೆಲೆಯ ಮೇಲಲ್ಲ. 1.18ರಿಂದ ಭಾಗಿಸಿದಾಗ ಬರುವ 3,94,576 ರೂಪಾಯಿ ಸರಿಯಾದ ಮೂಲ ಮೊತ್ತ. ತಪ್ಪು ಲೆಕ್ಕ ಗದಗದವರಿಗೆ ಸುಮಾರು 12,800 ರೂಪಾಯಿಯ ಅನರ್ಹ ಲಾಭ ಕೊಡುತ್ತದೆ.

ಶಾಲೆಗೆ ಈ ಇಳಿಕೆಯ ಲೆಕ್ಕವೇ ಬೇಡ. ಶಾಲಾ ಶಿಕ್ಷಣ ಜಿಎಸ್‌ಟಿಯಿಂದ ವಿನಾಯಿತಿ ಪಡೆದ ಸೇವೆಯಾದ್ದರಿಂದ, ನೀವು ಕಟ್ಟಿದ ತೆರಿಗೆ ಜಮೆಯಾಗಿ ಹಿಂದಿರುಗುವುದಿಲ್ಲ. ಕೈಯಿಂದ ಹೋಗುವ ಪೂರ್ಣ ಮೊತ್ತವೇ ನಿಮ್ಮ ಖರ್ಚು. ತೆರಿಗೆ ಜಮೆ ಪಡೆಯುವ ವ್ಯಾಪಾರಿ ಸಂಸ್ಥೆಯಾಗಿದ್ದರೆ ಮಾತು ಬೇರೆ. ಅಲ್ಲಿ ಗದಗದವರು ರಾಜಿ ತೆರಿಗೆ ಪದ್ಧತಿಯ, ಅಂದರೆ ಕಾಂಪೊಸಿಷನ್ ವರ್ತಕರಾಗಿದ್ದರೆ ಅವರ ಬಿಲ್ಲಿನಲ್ಲಿ ತೆರಿಗೆಯೇ ಇರುವುದಿಲ್ಲ, ಜಮೆಯೂ ಸಿಗುವುದಿಲ್ಲ, ಇದೇ 4,65,600 ಆಗ ಮೂರೂ ಬಿಡ್‌ಗಳಲ್ಲಿ ಅತಿ ಹೆಚ್ಚಿನ ಖರ್ಚಾಗುತ್ತದೆ. ಅವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ಅವರು ಸಾಮಾನ್ಯ ವರ್ತಕರೋ ಕಾಂಪೊಸಿಷನ್‌ನವರೋ ತಿಳಿಯುತ್ತದೆ. ನಿಮ್ಮ ಶ್ರೇಯಾಂಕ ಇದರಿಂದ ಬದಲಾಗದಿದ್ದರೂ ಆ ಪುಟದ ಪ್ರತಿಯನ್ನು ಕಡತಕ್ಕೆ ಸೇರಿಸಿ. ಕಾಂಪೊಸಿಷನ್ ವರ್ತಕರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ, ಮುಂದೆ ಬಿಲ್ ಬಂದಾಗ ಅದರಲ್ಲಿ ತೆರಿಗೆಯ ಸಾಲು ಇರಬೇಕೋ ಇರಬಾರದೋ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಕೊಲ್ಹಾಪುರದವರ ಬಿಡ್‌ನಲ್ಲಿ ಇನ್ನೊಂದು ಸಂಗತಿ ಅಡಗಿದೆ. ದರದ ಪುಟದಲ್ಲಿಲ್ಲದ ‘ಸಾಗಣೆ ವೆಚ್ಚ ರೂ. 12,000 ಪ್ರತ್ಯೇಕ’ ಎಂಬ ಮಾತನ್ನು ಅವರು ಜೊತೆಗಿಟ್ಟ ಪತ್ರದ ಕೊನೆಯಲ್ಲಿ ಬರೆದಿದ್ದಾರೆ. ಬೆಲೆಯ ಷರತ್ತುಗಳು ಬಹಳ ಸಲ ಇಂಥ ಪತ್ರದಲ್ಲಿಯೇ ಇರುತ್ತವೆ, ಆದ್ದರಿಂದ ತಖ್ತೆ ತುಂಬುವ ಮೊದಲು ಅದನ್ನು ಕೊನೆಯ ಸಾಲಿನವರೆಗೆ ಓದಲೇಬೇಕು. ಪೂರೈಕೆದಾರರೇ ವಸೂಲು ಮಾಡುವ ಸಾಗಣೆ ವೆಚ್ಚ ಸರಕಿನ ಬೆಲೆಗೆ ಸೇರಿಕೊಳ್ಳುವುದರಿಂದ ಅದಕ್ಕೂ ಶೇ. 18 ತೆರಿಗೆ ಬೀಳುತ್ತದೆ. 12,000 ಎಂಬುದು 14,160 ಆಗುತ್ತದೆ. ಸರಕಿನ 3,91,600ಕ್ಕೆ ತೆರಿಗೆ ಸೇರಿ 4,62,088, ಅದಕ್ಕೆ ಸಾಗಣೆ ಕೂಡಿದರೆ 4,76,248 ರೂಪಾಯಿ.

ಹಾಗಾಗಿ ಗದಗದವರು 4,65,600ಕ್ಕೆ ಎಲ್-1, ಹುಬ್ಬಳ್ಳಿಯವರು 4,74,360ಕ್ಕೆ ಎಲ್-2, ಕೊಲ್ಹಾಪುರದವರು 4,76,248ಕ್ಕೆ ಎಲ್-3. ತೆರಿಗೆ ಮತ್ತು ಸಾಗಣೆಯನ್ನು ಸರಿಯಾಗಿ ಕೂಡಿಸಿ, ಆ ಹತ್ತು ಸಾವಿರದ ಕೂಡಿಕೆ ತಪ್ಪನ್ನು ಮಾತ್ರ ಬಿಟ್ಟುಬಿಟ್ಟಿದ್ದರೆ ಕೊಲ್ಹಾಪುರದವರ ಮೊತ್ತ 4,64,448 ಆಗಿ, ಬರೀ 1,152 ರೂಪಾಯಿ ಅಂತರದಲ್ಲಿ ಅವರೇ ಎಲ್-1 ಆಗಿಬಿಡುತ್ತಿದ್ದರು. ಒಂದು ಪರಿಶೀಲನೆ ಮಾಡಿ ಇನ್ನೊಂದನ್ನು ಬಿಟ್ಟರೆ ಸಾಲದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಹಾಳೆಯ ವಿಷಯ. ನಿಮ್ಮ ಎಕ್ಸೆಲ್ ಕಡತದಲ್ಲಿ ಮೊತ್ತಗಳನ್ನು ಕೈಯಿಂದ ತುಂಬಿದ್ದೀರಿ. ಅದರ ಬದಲು ಸಂಖ್ಯೆಗಳನ್ನು ಸಿ ಕಾಲಮ್ಮಿನ 4ರಿಂದ 6ನೇ ಸಾಲಿನಲ್ಲಿ ಒಮ್ಮೆ ಮಾತ್ರ ಬರೆದು, ಮೂವರ ಬಿಡಿ ದರಗಳನ್ನು ಡಿ, ಇ, ಎಫ್ ಕಾಲಮ್ಮುಗಳಲ್ಲಿ ಅದೇ ಸಾಲುಗಳಲ್ಲಿ ಇಡಿ. 8ನೇ ಸಾಲಿನಲ್ಲಿ ಸಾಗಣೆ, 9ನೇ ಸಾಲಿನಲ್ಲಿ ದರಕ್ಕೆ ತೆರಿಗೆ ಸೇರಿದ್ದರೆ Y, ಇಲ್ಲದಿದ್ದರೆ N ಎಂದು ಬರೆಯಿರಿ. 7, 10, 11 ಮತ್ತು 12ನೇ ಸಾಲುಗಳಿಗೆ ಕ್ರಮವಾಗಿ ಈ ಸೂತ್ರಗಳನ್ನು ಹಾಕಿ ಬಲಕ್ಕೆ ಎಳೆಯಿರಿ:

```
=SUMPRODUCT($C$4:$C$6,D4:D6)
=IF(D9="Y",D7+D8,ROUND((D7+D8)*1.18,0))
=RANK(D10,$D$10:$F$10,1)
=COUNT(D4:D6)
```

ಮೂರನೆಯ ಸೂತ್ರದ ಕೊನೆಯ 1 ಬಿಟ್ಟುಹೋದರೆ ಎಕ್ಸೆಲ್ ಅತಿ ಹೆಚ್ಚಿನ ಮೊತ್ತಕ್ಕೆ ಒಂದನೇ ಸ್ಥಾನ ಕೊಡುತ್ತದೆ. ಅದಕ್ಕಿಂತ ಅಪಾಯದ್ದು ಕಾಣದೆ ಉಳಿಯುವ ಸೊನ್ನೆ. ದರವನ್ನು 11,500/- ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಅಂಕಿಯೆಂದು ತಿಳಿಯದೆ ಪಠ್ಯವೆಂದು ಭಾವಿಸುತ್ತದೆ, SUMPRODUCT ಅದನ್ನು ಸೊನ್ನೆಯಾಗಿ ಎಣಿಸುತ್ತದೆ, ದೋಷದ ಸೂಚನೆಯೇನೂ ಬರುವುದಿಲ್ಲ. ಹುಬ್ಬಳ್ಳಿಯವರ ಮೂಲ ಮೊತ್ತದಿಂದ ಎಂಟು ಕಪಾಟುಗಳ 92,000 ರೂಪಾಯಿ ಸದ್ದಿಲ್ಲದೆ ಮಾಯವಾಗುತ್ತದೆ. ಯಾವುದಾದರೂ ವಸ್ತುವಿಗೆ ದರವನ್ನೇ ಬರೆಯದ ಬಿಡ್‌ದಾರರಿಗೂ ಇದೇ ರೀತಿ ಅನರ್ಹ ಅನುಕೂಲವಾಗುತ್ತದೆ. ಇದನ್ನು ಹಿಡಿಯಲೆಂದೇ ನಾಲ್ಕನೆಯ ಸೂತ್ರವಿದೆ: ಅಲ್ಲಿ ಪ್ರತಿಯೊಬ್ಬರ ಕೆಳಗೂ 3 ಬರಬೇಕು. ಬಾರದಿದ್ದರೆ ಆ ಕಾಲಮ್ಮಿನ ಶ್ರೇಯಾಂಕವನ್ನು ನಂಬಬೇಡಿ.

ನಿಮ್ಮ ಸಮಿತಿಯಿಂದ ಎರಡು ಒತ್ತಾಯಗಳು ಬರಬಹುದೆಂದು ನನಗೆ ಅನಿಸುತ್ತದೆ. ಕೊಲ್ಹಾಪುರದವರ ಡೆಸ್ಕು ತೆರಿಗೆ ಸೇರಿ 4,838 ರೂಪಾಯಿ, ಗದಗದವರದು 4,850. ಡೆಸ್ಕನ್ನು ಮಾತ್ರ ಅವರಿಂದ ತರಿಸೋಣ ಎನ್ನಬಹುದು. ಒಟ್ಟು ಮೊತ್ತದ ಮೇಲೆ ಕನಿಷ್ಠ ದರ ನಿರ್ಧರಿಸುತ್ತೇವೆ ಎಂದು ನಿಮ್ಮ ಟೆಂಡರ್ ಹೇಳಿರುವಾಗ, ಲಕೋಟೆ ತೆರೆದ ಮೇಲೆ ವಸ್ತುವಾರು ಹಂಚುವುದು ನಿಯಮವನ್ನು ನಡುವೆ ಬದಲಿಸಿದಂತೆ. ಮೇಲಾಗಿ 12,000ದ ಸಾಗಣೆಯನ್ನು ಸೇರಿಸಿದರೆ ಡೆಸ್ಕಿನ ಆ 12 ರೂಪಾಯಿ ಉಳಿತಾಯವೂ ಉಳಿಯುವುದಿಲ್ಲ. ಸಾಗಣೆ ವೆಚ್ಚವನ್ನು ಬಿಟ್ಟುಕೊಡಲು ಕೊಲ್ಹಾಪುರದವರನ್ನು ಫೋನಿನಲ್ಲಿ ಕೇಳೋಣ ಎನ್ನುವುದು ಎರಡನೆಯದು. ಉಳಿದವರ ದರ ಬಹಿರಂಗವಾದ ಮೇಲೆ ಒಬ್ಬರಿಗೆ ಬೆಲೆ ತಿದ್ದುವ ಅವಕಾಶ ಕೊಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಕೂಡ ಟೆಂಡರ್ ದಾಖಲೆಯಲ್ಲಿ ಮೊದಲೇ ತಿಳಿಸಿದ ಮಾನದಂಡದ ಮೇಲೆಯೇ ಕನಿಷ್ಠ ಟೆಂಡರನ್ನು ನಿರ್ಧರಿಸಲು ಹೇಳುತ್ತದೆ; ಖಾಸಗಿ ಸಂಸ್ಥೆಯೂ ಅದೇ ದಾರಿಯಲ್ಲಿ ನಡೆದರೆ ಯಾರೂ ಬೆರಳು ತೋರಿಸಲಾರರು.

ಗದಗದವರ ಹೇಳಿಕೆಯಲ್ಲಿ ‘ಎಲ್ಲ ತೆರಿಗೆ ಸೇರಿ’ ಎಂಬುದು ಸ್ಪಷ್ಟವಿದೆಯಾದರೂ, ಆದೇಶ ಕೊಡುವ ಮೊದಲು ‘ನಮ್ಮ 4,65,600 ರೂಪಾಯಿಯಲ್ಲಿ ಜಿಎಸ್‌ಟಿ, ಶಾಲೆಯ ಆವರಣದವರೆಗಿನ ಸಾಗಣೆ ಮತ್ತು ಜೋಡಣೆ ಸೇರಿವೆ’ ಎಂದು ಅವರಿಂದ ಲಿಖಿತ ದೃಢೀಕರಣ ಪಡೆಯಿರಿ. ಇದು ಬೆಲೆ ಬದಲಾವಣೆಯಲ್ಲ, ಇರುವುದರ ಸ್ಪಷ್ಟೀಕರಣ ಮಾತ್ರ. ಕೊಲ್ಹಾಪುರದವರಿಗೆ ಕೂಡಿಕೆ ತಿದ್ದುಪಡಿಯನ್ನು ಪತ್ರದ ಮೂಲಕ ತಿಳಿಸಿ, ತಖ್ತೆಯ ಅಡಿಯಲ್ಲಿ ತಿದ್ದುಪಡಿಯ ಕಾರಣ, ತೆರಿಗೆಯ ದರ ಮತ್ತು ಸಾಗಣೆ ಸೇರಿಸಿದ ಬಗೆಯನ್ನು ಮೂರು ವಾಕ್ಯಗಳಲ್ಲಿ ಬರೆದು ಸಮಿತಿಯ ಎಲ್ಲ ಸದಸ್ಯರ ಸಹಿ ಪಡೆಯಿರಿ. ಪ್ರತಿಯೊಂದು ಪುಟಕ್ಕೂ ಸಹಿ ಇರಲಿ, ಕೊನೆಯ ಪುಟಕ್ಕೆ ಮಾತ್ರವಲ್ಲ.